ಮಾತು ಕೇಳಿಸಬೇಕಾದರೆ ಮೊದಲು ಡ್ರಮ್ಮಿನ ಬಳಿ ಹೋಗಬೇಕು

ಸಭಾಂಗಣದ ಹಿಂದಿನ ಸಾಲಿನಿಂದ ಯಾರಾದರೂ ಎದ್ದು ಬಂದು, ಮಿಕ್ಸರ್ ಮುಂದೆ ಕುಳಿತವನ ಭುಜ ತಟ್ಟಿ, ‘ಹಾಡಿನ ದನಿ ಸ್ವಲ್ಪ ಜಾಸ್ತಿ ಮಾಡಿ ಮಾರಾಯ್ರೆ, ಒಂದು ಶಬ್ದವೂ ತಿಳಿಯುವುದಿಲ್ಲ’ ಎಂದು ಹೇಳುವುದು ಮುಂಬಯಿಯ ನಮ್ಮ ಕಾರ್ಯಕ್ರಮಗಳಲ್ಲಿ ಹೊಸತಲ್ಲ. ಹವ್ಯಾಸವಾಗಿ ಆರಂಭವಾಗಿ ಈಗ ಅರೆ ವೃತ್ತಿಯಾಗಿರುವ ಈ ಕೆಲಸದಲ್ಲಿ ನಾನು ಆ ತಟ್ಟುವಿಕೆಯನ್ನು ಎಷ್ಟು ಸಲ ಅನುಭವಿಸಿದ್ದೇನೋ ಲೆಕ್ಕವಿಲ್ಲ. ಹೇಳುವವರ ದೂರು ನೂರಕ್ಕೆ ನೂರು ನಿಜ. ಅವರು ಸೂಚಿಸುವ ಪರಿಹಾರ ಮಾತ್ರ ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು. ಸಣ್ಣ ಸಭಾಂಗಣದ ರಾಕ್ ಕಛೇರಿಯಲ್ಲಿ ಹಾಡುಗಾರನ ಮಾತು ಕೇಳಿಸದಿದ್ದರೆ ಅದಕ್ಕೆ ಮದ್ದು ಮಿಕ್ಸರಿನ ಮೇಲೆ ಇರುವುದಿಲ್ಲ, ವೇದಿಕೆಯ ಮೇಲೆ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಒಂದು ಸೋಲಿನ ಮೂಲಕ.

ಕೆಲವು ವರ್ಷಗಳ ಹಿಂದೆ ನಮ್ಮ ಪಶ್ಚಿಮ ಉಪನಗರದ ಒಂದು ಸಂಘದ ವಾರ್ಷಿಕೋತ್ಸವದಲ್ಲಿ ಇಲ್ಲಿಯೇ ಹುಟ್ಟಿ ಬೆಳೆದ ನಾಲ್ವರು ಹುಡುಗರ ರಾಕ್ ತಂಡಕ್ಕೆ ಮುಕ್ಕಾಲು ಗಂಟೆ ಕೊಟ್ಟಿದ್ದರು. ಹಾಡುವವನು ಗಿಟಾರನ್ನೂ ಬಾರಿಸುತ್ತಿದ್ದ. ಇನ್ನೊಬ್ಬ ಗಿಟಾರಿಗ, ಒಬ್ಬ ಬೇಸ್ ಬಾರಿಸುವವನು, ಒಬ್ಬ ಡ್ರಮ್ಮರ್. ಹಾಡುಗಳು ಅವರವೇ, ಕನ್ನಡದವು. ಅಜ್ಜಿಯ ಊರಿನ ಮನೆಯ ಬಗ್ಗೆ ಒಂದು ಹಾಡಿತ್ತು. ಆ ಹಾಡನ್ನು ಕೇಳಲೆಂದೇ ಬಂದಿದ್ದ ತಂದೆತಾಯಂದಿರು, ದೊಡ್ಡಮ್ಮ ದೊಡ್ಡಪ್ಪಂದಿರು ಸಭೆಯಲ್ಲಿದ್ದರು. ನಾನು ಮಿಕ್ಸರಿನಲ್ಲಿದ್ದೆ. ಅವರಿಗೆ ಕೇಳಿಸಿದ್ದು ಸಿಂಬಲುಗಳ ಝೇಂಕಾರ, ಅದರ ಕೆಳಗೆ ಎಲ್ಲೋ ‘ಆ’, ‘ಓ’ ಎಂಬ ಸ್ವರಗಳು, ನಡುನಡುವೆ ಮೈಕಿನ ಕಿರಿಚಾಟ. ನಾಲ್ಕನೆಯ ಹಾಡಿಗೆ ಅರ್ಧ ಸಭೆ ಹೊರಗೆ ಚಹಾ ಕುಡಿಯುತ್ತಿತ್ತು. ಹುಡುಗರು ಡ್ರಮ್ಮರನನ್ನು ಬೈದರು, ಸಂಘದವರು ನನ್ನನ್ನು ಬೈದರು. ಮರುವರ್ಷ ಅದೇ ತಂಡವನ್ನು ಕರೆಯಬೇಕೆ ಎಂಬ ಚರ್ಚೆ ಬಂದಾಗ, ಇನ್ನೊಂದು ಅವಕಾಶ ಕೊಡಿ, ಆದರೆ ನನಗೆ ಮಧ್ಯಾಹ್ನ ಮೂರು ಗಂಟೆಗೆ ಸಭಾಂಗಣದ ಬಾಗಿಲು ತೆರೆದುಕೊಡಿ ಎಂದು ಕೇಳಿಕೊಂಡೆ.

ಏಕೆ ಸ್ವರಗಳು ಮಾತ್ರ ಕೇಳಿಸಿದವು ಎಂಬುದನ್ನು ಮೊದಲು ಹೇಳಬೇಕು. ನಮ್ಮ ಮಾತಿನ ಶಕ್ತಿಯ ಬಹುಪಾಲು ಸ್ವರಗಳಲ್ಲಿದೆ. ಅವು ಕೆಳಗಿನ ಮತ್ತು ನಡುವಿನ ಕಂಪನಾಂಕಗಳಲ್ಲಿ ತುಂಬಿಕೊಂಡಿರುತ್ತವೆ. ಆದರೆ ‘ತ’ ಬೇರೆ ‘ಟ’ ಬೇರೆ, ‘ಸ’ ಬೇರೆ ‘ಶ’ ಬೇರೆ ಎಂದು ಕಿವಿಗೆ ತಿಳಿಸುವ ವ್ಯಂಜನಗಳ ಸುಳಿವು ಹೆಚ್ಚಾಗಿ 2,000 ಹರ್ಟ್ಜಿನಿಂದ ಮೇಲೆ ಇರುತ್ತದೆ, ಮತ್ತು ಅದು ಬಹಳ ದುರ್ಬಲ. ಡ್ರಮ್ ಸೆಟ್ಟಿನ ಸಿಂಬಲುಗಳೂ ಸ್ನೇರಿನ ಕೆಳಗಿನ ತಂತಿಗಳೂ ತಮ್ಮ ಶಬ್ದವನ್ನು ಸುರಿಯುವುದು ಸರಿಯಾಗಿ ಅದೇ ಪ್ರದೇಶಕ್ಕೆ. ಗಿಟಾರಿನ ಕೆರೆತವೂ ಅಲ್ಲಿಯೇ. ಹೀಗಾಗಿ ದನಿ ಇದೆ, ರಾಗ ಇದೆ, ಪದ ಇಲ್ಲ ಎಂಬ ಸ್ಥಿತಿ. ಇಂಗ್ಲಿಷ್ ರಾಕ್ ಕೇಳುವಾಗ ಪದ ತಿಳಿಯದಿದ್ದರೂ ನಾವು ಸುಮ್ಮನಿರುತ್ತೇವೆ. ನಮ್ಮ ಮಕ್ಕಳು ನಮ್ಮ ಭಾಷೆಯಲ್ಲಿ ಬರೆದದ್ದು ತಿಳಿಯದೆ ಹೋದರೆ ಹಾಗೆ ಸುಮ್ಮನಿರುವುದು ಕಷ್ಟ.

ಎರಡನೆಯ ವರ್ಷ ನಾನು ಮಾಡಿದ ಮೊದಲ ಕೆಲಸವೆಂದರೆ ಸ್ಪೀಕರುಗಳನ್ನು ಹಚ್ಚದೆಯೇ ಡ್ರಮ್ಮರನಿಗೆ ಬಾರಿಸಲು ಹೇಳಿದ್ದು. ಸುಮಾರು ಇನ್ನೂರು ಜನ ಕೂರುವ ಸಭಾಂಗಣ, ತಗ್ಗಾದ ಮಾಡು, ಮೂರು ಕಡೆ ಬರಿಯ ಗೋಡೆ. ಹತ್ತು ಮೀಟರ್ ದೂರದಲ್ಲಿ ನನ್ನ ಮಿಕ್ಸರಿನ ಬಳಿ ಇಟ್ಟ ಮೀಟರು ಬರಿಯ ಡ್ರಮ್ಮಿಗೇ 97 ಡೆಸಿಬಲ್ ತೋರಿಸಿತು. ಇಡೀ ಸಂಜೆಯ ಲೆಕ್ಕ ಈ ಒಂದು ಅಂಕಿಯಲ್ಲಿದೆ. ಪದ ತಿಳಿಯಬೇಕಾದರೆ ಹಾಡುಗಾರನ ದನಿ ಡ್ರಮ್ಮಿಗಿಂತ ಕನಿಷ್ಠ ಮೂರು ನಾಲ್ಕು ಡೆಸಿಬಲ್ ಮೇಲಿರಬೇಕು. ಅಂದರೆ 101. ಅದಕ್ಕೆ ಗಿಟಾರು, ಬೇಸು ಸೇರಿದರೆ ಒಟ್ಟು 103, 104. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಸ್ಥಳಗಳಿಗೆ ಸೂಚಿಸಿದ ಗರಿಷ್ಠ ಸರಾಸರಿ 100 ಡೆಸಿಬಲ್. ಮೊದಲ ಹಾಡಿಗೇ ನಾವು ಅದನ್ನು ದಾಟಿಬಿಟ್ಟಿರುತ್ತೇವೆ. ಅದಕ್ಕಿಂತ ಮುಖ್ಯವಾಗಿ, ಆ ಸಭಾಂಗಣದಲ್ಲಿ ಹಾಡುಗಾರನ ಮೈಕು ಕಿರಿಚದೆ 101ನ್ನು ಮುಟ್ಟುವುದೇ ಇಲ್ಲ. ಸ್ಪೀಕರಿನಿಂದ ಬರುವ ಗಿಟಾರನ್ನು ನಾನು ಇಳಿಸಬಲ್ಲೆ, ಬೇಸನ್ನು ಇಳಿಸಬಲ್ಲೆ. ಡ್ರಮ್ಮಿನ ಶಬ್ದ ನನ್ನ ತಂತಿಯ ಮೂಲಕ ಬರುವುದೇ ಇಲ್ಲವಲ್ಲ! ಅದಕ್ಕೆ ನನ್ನ ಬಳಿ ಗುಂಡಿಯೇ ಇಲ್ಲ. ಡ್ರಮ್ಮೇ ನೆಲ. ಉಳಿದುದೆಲ್ಲ ಅದರ ಮೇಲೆ ಕಟ್ಟಬೇಕಾದದ್ದು. ನೆಲವೇ ಮಾಡಿನ ಹತ್ತಿರ ಇದ್ದರೆ ಮನೆಯಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಹೋದ ವರ್ಷ ನಾನು ಮಾಡಿದ ತಪ್ಪು ಇದಕ್ಕೆ ಸರಿಯಾಗಿ ವಿರುದ್ಧವಾಗಿತ್ತು. ಡ್ರಮ್ಮಿನ ಪ್ರತಿಯೊಂದು ಭಾಗಕ್ಕೂ ಒಂದೊಂದು ಮೈಕು ಕಟ್ಟಿ, ಏಳು ಮೈಕುಗಳನ್ನು ತೆರೆದಿಟ್ಟು, ದೊಡ್ಡ ಕಛೇರಿಯಂತೆ ಕಾಣಿಸಿಕೊಳ್ಳುವ ಚಪಲಕ್ಕೆ ಬಿದ್ದಿದ್ದೆ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕಿರಿಚಾಟಕ್ಕೆ ಮೊದಲು ಸಿಗುವ ಅವಕಾಶ ಸುಮಾರು ಮೂರು ಡೆಸಿಬಲ್ ಕಡಿಮೆಯಾಗುತ್ತದೆ. ಈ ಬಾರಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿಗೆ ಮಾತ್ರ ಒಂದು ಮೈಕು. ಇಂಥ ಸಭಾಂಗಣದಲ್ಲಿ ಸ್ಪೀಕರಿನ ಸಹಾಯ ಬೇಕಾದದ್ದು ಅದೊಂದಕ್ಕೇ.

ಇನ್ನು ಡ್ರಮ್ಮರನ ಬಳಿಗೆ ಬರೋಣ. ‘ಮೆಲ್ಲಗೆ ಹೊಡಿ’ ಎಂದು ಹೇಳಿದರೆ ಆಗುವುದಿಲ್ಲ. ಹೇಳಿ ನೋಡಿದ್ದೇನೆ. ಎರಡು ನಿಮಿಷ ಮೆಲ್ಲಗೆ ಹೊಡೆಯುತ್ತಾರೆ, ಮುಖ ಸಣ್ಣದಾಗುತ್ತದೆ, ಲಯ ಕುಗ್ಗುತ್ತದೆ, ಮೂರನೆಯ ನಿಮಿಷಕ್ಕೆ ಮೊದಲಿನಂತೆ. ‘ಅಂಕಲ್, ಮೆಲ್ಲಗೆ ಹೊಡೆದರೆ ಅದು ರಾಕ್ ಆಗುವುದಿಲ್ಲ’ ಎಂದು ಈ ಹುಡುಗನೂ ಹೇಳಿದ. ಅವನ ಮಾತಿನಲ್ಲಿ ಸತ್ಯವಿದೆ. ಜೋರು ಹೊಡೆತಕ್ಕೆ ಡ್ರಮ್ಮಿನ ನಾದವೇ ಬದಲಾಗುತ್ತದೆ, ಕೇವಲ ಗಾತ್ರವಲ್ಲ. ಆದ್ದರಿಂದ ನಾನು ಅವನ ಸ್ಟೂಲಿನ ಮೇಲೆ ಕುಳಿತು, ಉಳಿದವರಿಗೆ ಬಾರಿಸಲು ಹೇಳಿದೆ. ಆಗ ಒಂದು ಸಂಗತಿ ತಿಳಿಯಿತು: ಅಲ್ಲಿ ಹಾಡುಗಾರನ ದನಿ ಕೇಳಿಸುವುದೇ ಇಲ್ಲ. ಬೇಸು ಒಂದು ಗುಡುಗು ಮಾತ್ರ. ಗಿಟಾರಿನ ಆಂಪ್ಲಿಫೈಯರ್ ನೆಲದ ಮೇಲೆ, ಅದರ ಶಬ್ದ ಗಿಟಾರಿಗನ ಮೊಣಕಾಲುಗಳ ನಡುವೆ ಹಾದು ನೇರವಾಗಿ ಸಭೆಗೆ. ತನ್ನ ಸಂಗಾತಿಗಳನ್ನು ಕೇಳಲಾಗದವನು ತನ್ನ ಹೊಡೆತದಿಂದಲೇ ಧೈರ್ಯ ತಂದುಕೊಳ್ಳುತ್ತಿದ್ದಾನೆ. ಡ್ರಮ್ಮರುಗಳು ಜೋರಾಗಿ ಬಾರಿಸುವುದನ್ನು ಸ್ವಭಾವದ ದೋಷವೆಂದು ತಳ್ಳಿಹಾಕುವವರು ಒಮ್ಮೆಯಾದರೂ ಆ ಸ್ಟೂಲಿನ ಮೇಲೆ ಕುಳಿತು ನೋಡಬೇಕು.

ಅವನಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಒಂದು ಹೆಡ್‌ಫೋನ್ ಕೊಟ್ಟು, ಅದರಲ್ಲಿ ಹಾಡು ಮತ್ತು ಬೇಸು ಮಾತ್ರ ಕಳಿಸಿದೆ. ಹೇಳದೆಯೇ ಕೈ ಇಳಿಯಿತು. ಆಮೇಲೆ ಸಣ್ಣ ಸಣ್ಣ ಕೆಲಸಗಳು: ದಪ್ಪನೆಯ ಕೋಲುಗಳ ಬದಲು ಒಂದು ಅಳತೆ ತೆಳುವಾದವು, ಸ್ನೇರಿನ ಚರ್ಮದ ಅಂಚಿಗೆ ಬೆರಳಗಲದ ಅಂಟುಪಟ್ಟಿ, ಮೂಲೆಗೆ ಅಂಟಿಕೊಂಡಿದ್ದ ಸೆಟ್ಟನ್ನು ಈಚೆಗೆ ಎಳೆದದ್ದು, ಏಕೆಂದರೆ ಎರಡು ಗೋಡೆಗಳ ಕೂಡುವಿಕೆ ಕೆಳಸ್ವರಗಳನ್ನು ಉಬ್ಬಿಸುತ್ತದೆ, ಹಿಂದಿನ ಗೋಡೆಗೆ ನಾಟಕದ ದಪ್ಪ ಪರದೆ. ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಕೋಲಲ್ಲ, ಪರದೆಯಲ್ಲ. ಹಾಡಿನ ಚರಣಗಳಲ್ಲಿ ಅವನು ಹೈ-ಹ್ಯಾಟನ್ನು ಅರ್ಧ ತೆರೆದು ಬಾರಿಸುತ್ತಿದ್ದ. ಆ ಎರಡು ತಟ್ಟೆಗಳು ಒಂದನ್ನೊಂದು ಸವರಿ ಹೊರಡಿಸುವ ಸದ್ದು ನಿಲ್ಲದ ಮಳೆಯಂತೆ, ವ್ಯಂಜನಗಳು ಒಂದೂ ಉಳಿಯುವುದಿಲ್ಲ. ‘ಚರಣದಲ್ಲಿ ಮುಚ್ಚಿ ಬಾರಿಸು, ಪಲ್ಲವಿ ಬಂದಾಗ ತೆರೆ, ಅಲ್ಲಿ ನಿನಗೆ ಬೇಕಾದಷ್ಟು ಹೊಡಿ’ ಎಂದೆ. ನಮ್ಮ ಯಕ್ಷಗಾನದವರಿಗೆ ಇದು ಹೊಸ ವಿದ್ಯೆಯಲ್ಲ. ಕರುಣದ ಪದ್ಯಕ್ಕೆ ಭಾಗವತರೊಂದಿಗೆ ಮದ್ದಳೆ ಮಾತ್ರ ಹೋಗುತ್ತದೆ, ಚೆಂಡೆಯವರು ಕೋಲು ಹಿಡಿದು ಕಾಯುತ್ತಾರೆ. ವೀರ ಬಂದಾಗ ಅವರದೇ ರಾಜ್ಯ. ಹುಡುಗನ ಅಪ್ಪ ಯಕ್ಷಗಾನದ ಹುಚ್ಚಿನವರು. ಅವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಮತ್ತೆ ಮೀಟರು ನೋಡಿದಾಗ ಚರಣದಲ್ಲಿ 91.

ಇಲ್ಲಿ ಒಂದು ಮಾತು. ಡ್ರಮ್ಮರನ ಸುತ್ತ ಪಾರದರ್ಶಕ ಅಕ್ರಿಲಿಕ್ ಗೋಡೆ ನಿಲ್ಲಿಸುವ ಪದ್ಧತಿ ಈಗೀಗ ಹೆಚ್ಚಿದೆ. ಗಾಜಿನಂಥ ಹಲಗೆ ಶಬ್ದವನ್ನು ನುಂಗುವುದಿಲ್ಲ, ತಿರುಗಿಸುತ್ತದೆ ಅಷ್ಟೆ. ಹಿಂದೆ ಹೀರಿಕೊಳ್ಳುವ ದಪ್ಪ ಹೊದಿಕೆ ಇಲ್ಲದಿದ್ದರೆ ಅದು ಹಿಂದಿನ ಗೋಡೆಗೆ ಬಡಿದು, ತಗ್ಗಿನ ಮಾಡಿಗೆ ಬಡಿದು, ಹಲಗೆಯ ಮೇಲಿನಿಂದ ಸಭೆಗೆ ಬಂದೇ ಬರುತ್ತದೆ. ಒಳಗಿರುವ ಹುಡುಗ ಮೀನಿನ ತೊಟ್ಟಿಯಲ್ಲಿ ಕುಳಿತವನಂತಾಗಿ ಇನ್ನೂ ಜೋರಾಗಿ ಬಾರಿಸುತ್ತಾನೆ. ಸಣ್ಣ ಸಭಾಂಗಣಗಳಿಗೆ ನಾನು ಅದನ್ನು ಒಪ್ಪುವುದಿಲ್ಲ.

ಡ್ರಮ್ಮಿನದು ಮುಗಿದ ಮೇಲೆ ಹಾಡುಗಾರನ ಮೈಕು. ರಾಕ್ ವೇದಿಕೆಯಲ್ಲಿ ಡ್ರಮ್ಮನ್ನು ಅತಿ ಹೆಚ್ಚು ಹಿಡಿಯುವ ಮೈಕು ಯಾವುದೆಂದು ಕೇಳಿದರೆ ಬಹಳ ಮಂದಿ ಡ್ರಮ್ಮಿನ ಮೈಕುಗಳನ್ನು ಎಣಿಸುತ್ತಾರೆ. ಉತ್ತರ, ಹಾಡುಗಾರನದು. ಅವನು ಸಭೆಯ ಕಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಅವನ ಮೈಕು ಅವನ ಬಾಯಿಯ ಕಡೆಗೆ, ಅಂದರೆ ವೇದಿಕೆಯ ಹಿಂಭಾಗದ ಕಡೆಗೆ ನೋಡುತ್ತದೆ. ಅವನ ಭುಜದಾಚೆ ಎರಡು ಮೀಟರಿನಲ್ಲಿ ಸಿಂಬಲು. ದನಿ ಸಾಲದೆಂದು ಆ ಮೈಕನ್ನು ಏರಿಸಿದಾಗ ಸಿಂಬಲೂ ಅಷ್ಟೇ ಏರುತ್ತದೆ. ನಾನು ಅವನನ್ನು ನಡುವಿನಿಂದ ಬದಿಗೆ, ಡ್ರಮ್ಮಿನಿಂದ ಮೂರು ಮೀಟರ್ ದೂರಕ್ಕೆ ಸರಿಸಿದೆ. ದೂರ ಎರಡರಿಂದ ಮೂರಾದರೆ ನೇರವಾಗಿ ಬರುವ ಶಬ್ದ ಸುಮಾರು ಮೂರೂವರೆ ಡೆಸಿಬಲ್ ಇಳಿಯುತ್ತದೆ. ಗೋಡೆಗಳ ಪ್ರತಿಧ್ವನಿ ಇರುವುದರಿಂದ ಪೂರ್ತಿ ಅಷ್ಟು ಸಿಗದು, ಆದರೂ ಲಾಭವೇ. ಅದಕ್ಕಿಂತ ದೊಡ್ಡ ಲಾಭ ಬಾಯಿಯಲ್ಲಿದೆ. ಹುಡುಗ ಮೈಕನ್ನು ಒಂದು ಗೇಣು ದೂರ ಇಟ್ಟು ಹಾಡುತ್ತಿದ್ದ, ಇಪ್ಪತ್ತು ಸೆಂಟಿಮೀಟರ್. ದೂರ ಅರ್ಧವಾದಾಗಲೆಲ್ಲ ಆರು ಡೆಸಿಬಲ್ ಏರುತ್ತದೆ. ಇಪ್ಪತ್ತರಿಂದ ಐದಕ್ಕೆ ಬಂದರೆ ಎರಡು ಸಲ ಅರ್ಧವಾದಂತೆ, ಸುಮಾರು ಹನ್ನೆರಡು. ಇಷ್ಟನ್ನು ಕೊಡುವ ಗುಂಡಿ ಯಾವ ಮಿಕ್ಸರಿನಲ್ಲಿಯೂ ಇಲ್ಲ. ತುಟಿಗೆ ಹತ್ತಿರ ಬಂದಾಗ ದನಿಯಲ್ಲಿ ಕೆಳಸ್ವರಗಳು ಉಬ್ಬುತ್ತವೆ. 120 ಹರ್ಟ್ಜಿನ ಕೆಳಗಿನದನ್ನು ಕತ್ತರಿಸಿ, 200ರ ಆಸುಪಾಸನ್ನು ಸ್ವಲ್ಪ ತಗ್ಗಿಸಿದರೆ ಅದು ಸರಿಹೋಗುತ್ತದೆ.

ಈಗ ಕಿರಿಚಾಟ. ಮೈಕು ಹಿಡಿದ ದನಿ ಸ್ಪೀಕರಿನಿಂದ ಹೊರಟು ಮತ್ತೆ ಮೈಕಿಗೆ ಮರಳುತ್ತದೆ. ಮರಳುವಾಗ ಹೋದಷ್ಟೇ ಅಥವಾ ಅದಕ್ಕಿಂತ ಹೆಚ್ಚು ಬಲದಿಂದ ಮರಳಿದರೆ, ಯಾವ ಕಂಪನಾಂಕಕ್ಕೆ ಈ ಸುತ್ತು ಅನುಕೂಲವೋ ಅದೊಂದೇ ಬೆಳೆಯುತ್ತಾ ಹೋಗುತ್ತದೆ. ಇದನ್ನು ವಿವರಿಸಿದ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ನನ ಹೆಸರು ಈ ಪರಿಣಾಮಕ್ಕೆ ಇಂದಿಗೂ ಅಂಟಿಕೊಂಡಿದೆ. ಮುಖ್ಯ ಸ್ಪೀಕರುಗಳನ್ನು ಮೈಕಿನ ಸಾಲಿಗಿಂತ ಮುಂದೆ ಸಭೆಯ ಕಡೆಗೆ ಇಟ್ಟರೆ ಅವುಗಳಿಂದ ತೊಂದರೆ ಕಡಿಮೆ. ರಾಕ್ ವೇದಿಕೆಯಲ್ಲಿ ಅಪರಾಧಿ ಸಾಮಾನ್ಯವಾಗಿ ಹಾಡುಗಾರನ ಕಾಲ ಬಳಿ ಅವನಿಗೇ ಕೇಳಿಸಲೆಂದು ಇಟ್ಟ ಮಾನಿಟರ್.

ಹಿಂದಿನ ವರ್ಷ ಮಾನಿಟರನ್ನು ನಾನು ಅವನ ಎದುರಿಗೆ, ಮೈಕಿನ ನೇರ ಬೆನ್ನಿಗೆ ಇಟ್ಟಿದ್ದೆ. ಎಲ್ಲರ ಕೈಯಲ್ಲಿ ಕಾಣುವ, 1966ರಿಂದ ಚಾಲ್ತಿಯಲ್ಲಿರುವ ಶೂರ್ ಎಸ್‌ಎಂ58 ಮೈಕಾಗಿದ್ದರೆ ಅದು ಸರಿಯಾದ ಜಾಗ, ಏಕೆಂದರೆ ಆ ಬಗೆಯ ಮೈಕು ತನ್ನ ನೇರ ಬೆನ್ನಿನ ಕಡೆಗೆ ಅತ್ಯಂತ ಕಿವುಡು. ಆದರೆ ಹುಡುಗ ತನ್ನದೇ ಮೈಕು ತಂದಿದ್ದ, ಸೂಪರ್‌ಕಾರ್ಡಿಯಾಯ್ಡ್ ಬಗೆಯದು. ಅದು ಬದಿಗಳಿಗೆ ಹೆಚ್ಚು ಕಿವುಡು, ಆದರೆ ನೇರ ಹಿಂದಕ್ಕೆ ಒಂದು ಸಣ್ಣ ಕಿವಿ ತೆರೆದಿರುತ್ತದೆ. ಮುಖದಿಂದ ಸುಮಾರು 125 ಡಿಗ್ರಿಯಲ್ಲಿ, ಅಂದರೆ ಓರೆಯಾಗಿ ಹಿಂದೆ, ಅದಕ್ಕೆ ಏನೂ ಕೇಳಿಸುವುದಿಲ್ಲ. ಅದರ ತೆರೆದ ಕಿವಿಗೇ ನಾನು ಸ್ಪೀಕರ್ ಹಿಡಿದಿದ್ದೆ! ಈ ಬಾರಿ ಮಾನಿಟರನ್ನು ಓರೆಗೆ ಸರಿಸಿದ್ದೇ ತಡ, ಕಿರಿಚದೆ ಏರಿಸಬಹುದಾದ ಮಟ್ಟ ಗಮನಾರ್ಹವಾಗಿ ಹೆಚ್ಚಿತು. ಮೈಕಿನ ಜಾತಿ ತಿಳಿಯದೆ ಈಕ್ವಲೈಸರಿಗೆ ಕೈ ಹಾಕುವುದು ವ್ಯರ್ಥ.

ಅದಾದ ಮೇಲೆಯೇ ಈಕ್ವಲೈಸರ್. ಶ್ರವ್ಯ ಕಂಪನಾಂಕಗಳನ್ನು 31 ತುಂಡುಗಳಾಗಿ ಹಂಚಿದ ಉಪಕರಣ ಅದು. ಮಾನಿಟರಿನ ಮಟ್ಟವನ್ನು ನಿಧಾನವಾಗಿ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಸಣ್ಣ ಮೊಳಗು ಹುಟ್ಟುತ್ತದೆ. ಅದು ಯಾವ ಕಂಪನಾಂಕ ಎಂದು ಗುರುತಿಸಲು ನಮ್ಮ ಸ್ವರಾಕ್ಷರಗಳೇ ಸಾಕು. ‘ಊ’ ಎಂದು ಕೇಳಿಸಿದರೆ 250ರ ಆಸುಪಾಸು, ‘ಓ’ ಎಂದರೆ 500, ‘ಆ’ ಎಂದರೆ 1,000, ‘ಏ’ ಎಂದರೆ 2,000, ‘ಈ’ ಎಂದರೆ 4,000. ಅಂದು ಮೊದಲು ಬಂದದ್ದು ‘ಏ’ಗೂ ‘ಈ’ಗೂ ನಡುವೆ. 2,500ರ ಪಟ್ಟಿಯನ್ನು ನಾಲ್ಕು ಡೆಸಿಬಲ್ ಇಳಿಸಿದೆ. ಎರಡನೆಯದು ‘ಓ’ಗಿಂತ ಸ್ವಲ್ಪ ಕೆಳಗೆ, ಅಲ್ಲಿ ಮೂರು. ಮೂರನೆಯದು ಸಿಳ್ಳೆಯಂಥದ್ದು, 6,300ರಲ್ಲಿ. ಅಲ್ಲಿಗೆ ನಿಲ್ಲಿಸಿದೆ. ಎಂಟು ಹತ್ತು ಪಟ್ಟಿಗಳನ್ನು ಇಳಿಸಿ ಶಾಂತಿ ತರುವವರಿದ್ದಾರೆ. ಆದರೆ ಪ್ರತಿ ಪಟ್ಟಿಯೊಂದಿಗೆ ಹಾಡುಗಾರನ ದನಿಯದೇ ಒಂದು ತುಂಡು ಹೋಗುತ್ತದೆ. ಅವನಿಗೆ ತನ್ನ ದನಿ ಟೊಳ್ಳಾಗಿ ಕೇಳಿಸುತ್ತದೆ, ಹೆಚ್ಚಿಸಿ ಎನ್ನುತ್ತಾನೆ, ಹೆಚ್ಚಿಸಿದರೆ ಹೊರಟಲ್ಲಿಗೇ ಬಂದು ನಿಂತಿರುತ್ತೇವೆ. ಕೊನೆಗೆ ಮೊಳಗು ಹುಟ್ಟುವ ಮಟ್ಟಕ್ಕಿಂತ ಆರು ಡೆಸಿಬಲ್ ಕೆಳಗೆ ಫೇಡರನ್ನು ಬಿಟ್ಟೆ. ಆ ಆರು ಡೆಸಿಬಲ್ ರಾತ್ರಿಯ ಅನಿರೀಕ್ಷಿತಗಳಿಗೆ.

ಅನಿರೀಕ್ಷಿತ ಬಂದೇ ಬರುತ್ತದೆ. ಆವೇಶದಲ್ಲಿ ಹುಡುಗ ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದ. ಹಿಂಬದಿಯ ರಂಧ್ರಗಳು ಮುಚ್ಚಿಹೋದರೆ ದಿಕ್ಕು ಗುರುತಿಸುವ ಮೈಕಿನ ಗುಣವೇ ಹೋಗುತ್ತದೆ, ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳತೊಡಗುತ್ತದೆ. ಕಿರಿಚುವ ಮುನ್ನ ಒಂದು ಎಚ್ಚರಿಕೆ ಸಿಗುತ್ತದೆ. ಪದ ಮುಗಿದ ಮೇಲೂ ಅದರ ಬಾಲ ಗಾಳಿಯಲ್ಲಿ ಒಂದು ಕ್ಷಣ ಹೆಚ್ಚು ಉಳಿಯುತ್ತದೆ. ಆಗಲೇ ಆ ಒಂದು ಮೈಕಿನ ಮಾನಿಟರ್ ಮಟ್ಟವನ್ನು ಮೂರು ಡೆಸಿಬಲ್ ಇಳಿಸಿದರೆ ಸಭೆಗೆ ಏನೂ ತಿಳಿಯುವುದಿಲ್ಲ. ಗಾಬರಿಯಿಂದ ಮುಖ್ಯ ಫೇಡರನ್ನೇ ಎಳೆದರೆ ಎಲ್ಲರಿಗೂ ತಿಳಿಯುತ್ತದೆ.

ಮಿಶ್ರಣ ಎಂದು ಜನ ಕರೆಯುವ ಕೆಲಸಕ್ಕೆ ಇಷ್ಟೆಲ್ಲ ಆದ ಮೇಲೆ ಹತ್ತೇ ನಿಮಿಷ ಹಿಡಿಯಿತು. ಗಿಟಾರಿನ ಆಂಪ್ಲಿಫೈಯರನ್ನು ಕುರ್ಚಿಯ ಮೇಲೆ ಇಟ್ಟು ಗಿಟಾರಿಗನ ಕಿವಿಗೆ ಓರೆಯಾಗಿ ತಿರುಗಿಸಿದೆ. ತನ್ನ ಶಬ್ದ ಎಷ್ಟಿದೆ ಎಂದು ಮೊದಲ ಬಾರಿ ಕೇಳಿಸಿಕೊಂಡವನು ತಾನಾಗಿಯೇ ಇಳಿಸಿದ, ಸ್ವಲ್ಪ ಮುನಿಸಿಕೊಂಡ ಎಂಬುದನ್ನೂ ಹೇಳಬೇಕು. ಡ್ರಮ್ಮಿನ ಮೇಲೆ ಹಾಡು, ಹಾಡಿನ ಕೆಳಗೆ ಬೇಸು, ಉಳಿದ ಜಾಗದಲ್ಲಿ ಗಿಟಾರು. ಹಾಡುಗಾರನ ಕಂಪ್ರೆಸರನ್ನು ಹೋದ ವರ್ಷದ ಅರ್ಧದಷ್ಟು ಮಾತ್ರ ಬಳಸಿದೆ. ಏಕೆಂದರೆ ಜೋರು ದನಿಯನ್ನು ಹತ್ತು ಡೆಸಿಬಲ್ ಅದುಮಿ, ಆ ನಷ್ಟವನ್ನು ಒಟ್ಟು ಮಟ್ಟ ಏರಿಸಿ ತುಂಬಿಕೊಂಡರೆ, ಅವನು ಬಾಯಿ ಮುಚ್ಚಿದ ಕ್ಷಣ ಅದುಮು ಸಡಿಲವಾಗಿ ಅದೇ ಮೈಕಿನ ಸಿಂಬಲು ಹತ್ತು ಡೆಸಿಬಲ್ ಮೇಲೇಳುತ್ತದೆ. ಸಾಲು ಸಾಲಿನ ನಡುವೆ ಡ್ರಮ್ಮು ಉಬ್ಬುತ್ತಿದೆಯೆಂದು ನಾವು ಡ್ರಮ್ಮರನನ್ನು ಬೈದಿದ್ದೆವು. ಉಬ್ಬಿಸಿದ್ದು ನಾನೇ.

ಆ ಸಂಜೆ ಮೀಟರು ಹೆಚ್ಚು ಹೊತ್ತು 97, 98ರ ಸುತ್ತ ಇತ್ತು. ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. ಮೊದಲ ಹಾಡಿನಲ್ಲಿ ಡ್ರಮ್ಮರ್ ಹೆಡ್‌ಫೋನಿನ ಸಂಕೋಚದಲ್ಲಿ ಸಪ್ಪೆಯಾಗಿದ್ದ. ಕೊನೆಯ ಹಾಡಿನಲ್ಲಿ ಅದನ್ನು ಕಿತ್ತೆಸೆದು ಮನಸಾರೆ ಬಾರಿಸಿದ, ಮೀಟರು 102 ದಾಟಿತು, ಪದಗಳು ಮುಳುಗಿದವು. ನಾನು ತಡೆಯಲಿಲ್ಲ. ಆ ಹಾಡಿನಲ್ಲಿ ಪದಗಳಿಗೆ ಅಂಥ ಕೆಲಸವೂ ಇರಲಿಲ್ಲ.

ತಂತಿಗಳನ್ನು ಸುತ್ತುತ್ತಿದ್ದಾಗ, ಎಂಬತ್ತರ ಹತ್ತಿರದ ಒಬ್ಬ ಅಮ್ಮ ಮೆಲ್ಲಗೆ ವೇದಿಕೆಯ ಬಳಿ ಬಂದು ಹಾಡುಗಾರನನ್ನು ಕರೆದರು. ‘ಮಗಾ, ಅಜ್ಜಿ ಜಗಲಿಯಲ್ಲಿ ಕೂತು ಬತ್ತಿ ಹೊಸೆದಳು ಅಂತ ಹಾಡಿದೆಯಲ್ಲ, ನಮ್ಮಲ್ಲಿ ಬತ್ತಿ ಹೊಸೆಯುವುದು ಜಗಲಿಯಲ್ಲಲ್ಲ, ದೇವರ ಕೋಣೆಯ ಹೊಸ್ತಿಲ ಬಳಿ’ ಎಂದರು. ಹುಡುಗ ತನ್ನ ಅಜ್ಜಿ ಜಗಲಿಯಲ್ಲೇ ಕೂರುತ್ತಿದ್ದಳೆಂದು ವಾದಿಸಿದ. ಆ ವಾದ ನಾನು ಕೊನೆಯ ಪೆಟ್ಟಿಗೆಯನ್ನು ಟೆಂಪೋಗೆ ಏರಿಸುವವರೆಗೂ ನಡೆದಿತ್ತು.